ಬೇಳೆ ಬೇಯದ ನೀರು

ಯಾರದೋ ಉಪಾಯ ನಡೆಯದಿದ್ದರೆ 'ಅವನ ಬೇಳೆ ಬೇಯಲಿಲ್ಲ' ಅನ್ನುತ್ತೇವೆ. ತಪ್ಪು ಅವನದೋ ಬೇಳೆಯದೋ ಎಂದು ವಿಚಾರಿಸುತ್ತೇವೆಯೇ ಹೊರತು ನೀರನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಮನೆ ಬದಲಿಸಿದ ಮೊದಲ ವಾರ ಬೇಳೆ ಒಂದು ಗಂಟೆ ಕುದಿದರೂ ಕಾಳು ಕಾಳಾಗಿ ತೇಲುತ್ತಿತ್ತು. ಸೌಟಿನಿಂದ ಒತ್ತಿದರೆ ಹೊರಗೆ ಮೆತ್ತಗೆ, ಒಳಗೆ ಹಲ್ಲಿಗೆ ಸಿಗುವಂಥ ಗಟ್ಟಿ. ಬೇಳೆ ಹಳೆಯದೆಂದು ಬೈದು ಹೊಸದು ತಂದೆ. ಅದೂ ಅಷ್ಟೇ. ಅದೇ ವಾರ ಚಹಾದ ಮೇಲೆ ಕೆನೆಯಲ್ಲದ ಕೆನೆ ಕಟ್ಟತೊಡಗಿತು, ಬಿಳಿ ಅಂಗಿ ಬೂದಿ ಬಣ್ಣಕ್ಕೆ ತಿರುಗಿತು. ಮೂರೂ ಕಡೆ ಇದ್ದದ್ದು ಒಂದೇ ಒಂದು: ನಲ್ಲಿಯ ನೀರು.

ಗಡಸು ನೀರೆಂದರೆ ಉಪ್ಪು ನೀರಲ್ಲ. ಬಾಯಿಗೆ ಹಾಕಿಕೊಂಡರೆ ಬಹಳ ಸಲ ಗೊತ್ತೇ ಆಗುವುದಿಲ್ಲ. ನೆಲದೊಳಗಿನ ಸುಣ್ಣಕಲ್ಲಿನಂಥ ಬಂಡೆಗಳ ನಡುವೆ ಹರಿಯುವಾಗ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತದೆ. ಉಪ್ಪಿನಲ್ಲಿರುವ ಸೋಡಿಯಂಗೆ ಒಂದು ಕೈ ಎಂದುಕೊಂಡರೆ ಇವೆರಡಕ್ಕೆ ಎರಡೆರಡು ಕೈ. ಒಂದು ಕೈಯವನು ಒಬ್ಬರನ್ನು ಹಿಡಿದು ಸುಮ್ಮನಿರುತ್ತಾನೆ. ಎರಡು ಕೈಯವನು ಇಬ್ಬರನ್ನು ಹಿಡಿದು ಗಂಟು ಹಾಕುತ್ತಾನೆ. ಅಡುಗೆಮನೆಯಲ್ಲೂ ಬಚ್ಚಲಲ್ಲೂ ನನ್ನನ್ನು ಕಾಡಿದ್ದು ಈ ಗಂಟು.

ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್ ಎಂಬ ಗೋಂದು. ಬೇಯುವುದೆಂದರೆ ಈ ಗೋಂದು ಕರಗಿ ಕೋಶಗಳು ಬಿಡಿಬಿಡಿಯಾಗುವುದು. ಗಡಸು ನೀರಿನ ಕ್ಯಾಲ್ಸಿಯಂ ಒಳಗೆ ಹೋಗಿ ಪೆಕ್ಟಿನ್ನಿನ ಎಳೆಗಳನ್ನು ಎರಡು ಕೈಯಿಂದಲೂ ಬಿಗಿಹಿಡಿಯುತ್ತದೆ. ಗೋಂದು ಕರಗುವ ಬದಲು ಗಟ್ಟಿಯಾಗುತ್ತದೆ. ಹುಳಿಯೂ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಹಾಗಾಗಿ ಗಡಸು ನೀರಿನಲ್ಲಿ ಬೇಳೆಯ ಜೊತೆಗೇ ಹುಳಿ ಹಾಕಿ ಕೂರಿಸಿದವರಿಗೆ ಮಧ್ಯಾಹ್ನದ ಊಟ ರಾತ್ರಿಗೆ. ಹುಳಿ ಏನಿದ್ದರೂ ಬೇಳೆ ಬೆಂದ ಮೇಲೆ.

ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಎಂದು ಕೇಳುತ್ತಲೇ ಬೆಳೆದವನು ನಾನು. ನೆನೆಹಾಕುವ ವಿಷಯದಲ್ಲಿ ಇದು ತಲೆಕೆಳಗು. ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ ಕಾಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೊಳೆದು ಬೇಯಿಸಿದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಉಪ್ಪಿನ ಸೋಡಿಯಂ ದಂಡು ಕಟ್ಟಿಕೊಂಡು ಹೋಗಿ ಅಲ್ಲಿನ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ. ಅದರ ಒಂದೇ ಕೈಗೆ ಗಂಟು ಹಾಕಲು ಬರುವುದಿಲ್ಲವಲ್ಲ! ಇನ್ನು ಅಡುಗೆ ಸೋಡಾ. ಅದು ಗೋಂದನ್ನು ನೇರವಾಗಿ ಒಡೆಯುತ್ತದೆ, ಆದರೆ ಒಂದು ಲೋಟ ಬೇಳೆಗೆ ಒಂದು ಚಿಟಿಕೆ ಸಾಕು. ಧಾರಾಳತನ ತೋರಿಸಿದ ದಿನ ನನ್ನ ಬೇಳೆ ಅಂಬಲಿಯಾಗಿ, ಸಾಬೂನಿನ ರುಚಿ ಬಂದಿತ್ತು. ಬೇಳೆಯಲ್ಲಿರುವ ಬಿ1 ಜೀವಸತ್ವವೂ ಸೋಡಾಕ್ಕೆ ಸಿಕ್ಕಿ ಕಡಿಮೆಯಾಗುತ್ತದೆ.

ನೀರಿನ ತಪ್ಪಿಲ್ಲದೆಯೂ ಬೇಳೆ ಬೇಯದಿರಬಹುದು ಎಂಬುದನ್ನೂ ಹೇಳಿಬಿಡಬೇಕು. ಸೆಕೆ, ತೇವ ಇರುವ ಕಡೆ ಬಹಳ ಕಾಲ ಇಟ್ಟ ಕಾಳು ತಾನಾಗಿಯೇ ಗಟ್ಟಿಯಾಗುತ್ತದೆ. ಒಂದೇ ಬೇಳೆಯನ್ನು ಒಂದು ಪಾತ್ರೆಯಲ್ಲಿ ನಲ್ಲಿ ನೀರಿನಲ್ಲೂ ಇನ್ನೊಂದರಲ್ಲಿ ಶುದ್ಧ ಮಳೆನೀರಿನಲ್ಲೂ ಬೇಯಿಸಿ ನೋಡಿದರೆ ಯಾರು ಕಳ್ಳರೆಂದು ತಿಳಿಯುತ್ತದೆ. ಎರಡರಲ್ಲೂ ಬೇಯದಿದ್ದರೆ ನೀರನ್ನು ಬೈಯಬೇಡಿ.

ಚಹಾದ ಕತೆ ಸ್ವಲ್ಪ ಬೇರೆ. ಹಾಲಿಲ್ಲದ ಚಹಾ ಐದು ನಿಮಿಷ ಆರಿದ ಮೇಲೆ ಲೋಟವನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಹರಡಿದಂಥ ಮಿನುಗು ಪೊರೆ, ಚಮಚ ತಾಗಿಸಿದರೆ ಒಣಗಿದ ಕೆರೆಯ ಮಣ್ಣಿನಂತೆ ಚೂರುಚೂರಾಗಿ ಬಿರಿಯುತ್ತದೆ. ಲೋಟದ ಗೋಡೆಗೆ ಕಂದು ಉಂಗುರ ಮೆತ್ತುವುದೂ ಅದೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಪಿರೊ ಮತ್ತು ಜಗಾನ್ಯಿ ಎಂಬ ರಸಾಯನಶಾಸ್ತ್ರಜ್ಞರು ಈ ಪೊರೆಯನ್ನೇ ಕೆರೆದು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಇದ್ದಾಗ ಚಹಾದ ಒಗರು ಅಂಶಗಳು ಗಾಳಿ ತಾಗಿ ಹೀಗೆ ಹೆಪ್ಪುಗಟ್ಟುತ್ತವೆ. ಒಗರೇ ಚಹಾದ ಜೀವ; ಅದು ಪೊರೆಯಾದರೆ ಕುಡಿಯಲು ಉಳಿಯುವುದು ಸಪ್ಪೆ. ಬಣ್ಣ ಮಾತ್ರ ಗಾಢವಾಗಿಯೇ ಕಂಡು ನಮ್ಮನ್ನು ಮೋಸಮಾಡುತ್ತದೆ. ನಾಲ್ಕು ಹನಿ ನಿಂಬೆರಸ ಬಿದ್ದರೆ ಪೊರೆ ಮಾಯ, ಬಣ್ಣವೂ ತಿಳಿ. ಹಾಲು ಹಾಕಿದ ಚಹಾಕ್ಕೆ ನಿಂಬೆ ಹಿಂಡಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಹಾಲಿನ ಚಹಾದವರು ನೀರನ್ನೇ ಸರಿಮಾಡಿಕೊಳ್ಳಬೇಕು.

ಸುಲಭದ ದಾರಿ ಕುದಿಸುವುದು. ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟರೆ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಪಾತ್ರೆಯ ಒಳಗೆ ಪದರಪದರವಾಗಿ ಕೂರುವ ಕಿಟ್ಟ ಇದೇ. ತಳ ಕಲಕದಂತೆ ಮೇಲಿನ ನೀರನ್ನು ಬಗ್ಗಿಸಿಕೊಂಡು ಚಹಾಕ್ಕೋ ಬೇಳೆಗೋ ಬಳಸಬಹುದು. ಆದರೆ ಕ್ಯಾಲ್ಸಿಯಂ ಸಲ್ಫೇಟ್ ಅಥವಾ ಕ್ಲೋರೈಡ್ ಜೊತೆ ಬಂದಿದ್ದರೆ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ನಿಮ್ಮ ನೀರು ಯಾವ ಜಾತಿಯದೆಂದು ತಿಳಿಯಲು ಒಂದು ಬಾಟಲಿಗೆ ಹಸಿ ನೀರು, ಇನ್ನೊಂದಕ್ಕೆ ಕುದಿಸಿ ಆರಿಸಿದ ನೀರು ಅಷ್ಟಷ್ಟೇ ಹಾಕಿ, ಎರಡಕ್ಕೂ ಒಂದೇ ಅಳತೆಯ ಸಾಬೂನಿನ ತುರಿ ಹಾಕಿ ಕುಲುಕಿ. ಕುದಿಸಿದ್ದರಲ್ಲಿ ಮಾತ್ರ ನೊರೆ ಎದ್ದರೆ ಒಲೆಯೇ ಮದ್ದು. ಎರಡರಲ್ಲೂ ಮೊಸರು ಒಡೆದಂತೆ ಬಿಳಿ ಚೂರು ತೇಲಿದರೆ ಗ್ಯಾಸು ದಂಡ; ಅಂಥ ಮನೆಯಲ್ಲಿ ಅಡುಗೆಗೆ ಆರ್‌ಒ ನೀರೋ ಮಳೆನೀರೋ ಬೇಕು. ಕಸ ಸೋಸುವ ಸಾದಾ ಫಿಲ್ಟರು ಕರಗಿದ ಸುಣ್ಣವನ್ನು ಹಿಡಿಯುವುದಿಲ್ಲ.

ಆ ಬಿಳಿ ಚೂರೇ ನನ್ನ ಅಂಗಿಯ ಬೂದಿ ಬಣ್ಣ. ಕ್ಯಾಲ್ಸಿಯಂ ಸಾಬೂನನ್ನು ಎರಡೂ ಕೈಯಿಂದ ಹಿಡಿದು ನೀರಲ್ಲಿ ಕರಗದ ಜಿಡ್ಡು ಮಾಡುತ್ತದೆ, ಜಿಡ್ಡು ನೂಲಿಗೆ ಅಂಟುತ್ತದೆ. ನಮ್ಮ ನೀರಿನ ಪರೀಕ್ಷಾ ಚೀಟಿಯಲ್ಲಿ ಗಡಸುತನ ಲೀಟರಿಗೆ 300 ಮಿಲಿಗ್ರಾಂ ಎಂದಿತ್ತು. ಕೂತು ಲೆಕ್ಕ ಹಾಕಿದೆ. 15 ಲೀಟರಿನ ಬಕೆಟ್ಟಿನಲ್ಲಿ ನಾಲ್ಕೂವರೆ ಗ್ರಾಂ ಆಯಿತು. ಅಷ್ಟನ್ನು ಕಟ್ಟಿಹಾಕಲು ಸುಮಾರು 27 ಗ್ರಾಂ ಸಾಬೂನು ಬಲಿಯಾಗಬೇಕು. ಕೊಳೆಯ ಲೆಕ್ಕ ಶುರುವಾಗುವುದೇ ಆಮೇಲೆ. ಇಷ್ಟು ದಿನ ನಾನು ಒಗೆಯುತ್ತಿದ್ದದ್ದು ಬಟ್ಟೆಯನ್ನಲ್ಲ, ನೀರನ್ನು!

ಅದೇ ಕೆಲಸವನ್ನು 5 ಗ್ರಾಂ ವಾಷಿಂಗ್ ಸೋಡಾ ಪುಡಿ ಮಾಡುತ್ತದೆ, ಒಂದು ಸಣ್ಣ ಚಮಚದಷ್ಟು. ಹರಳಿನ ಸೋಡಾ ಆದರೆ ಅದರೊಳಗೆ ನೀರೇ ಹೆಚ್ಚಿರುವುದರಿಂದ 13 ಗ್ರಾಂ ಬೇಕು. ಸೋಡಾ ಮೊದಲು, ಸಾಬೂನು ಆಮೇಲೆ: ಸೋಡಾ ಕರಗಿಸಿ ಕಾಲು ಗಂಟೆ ಬಿಟ್ಟರೆ ನೀರು ಸ್ವಲ್ಪ ಮಬ್ಬಾಗುತ್ತದೆ, ಕ್ಯಾಲ್ಸಿಯಂ ಪುಡಿಯಾದ ಗುರುತು. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿಕೊಂಡು ಅದರಲ್ಲಿ ಬಟ್ಟೆ ನೆನೆಸುವುದು. ರೇಷ್ಮೆ, ಉಣ್ಣೆಗೆ ಸೋಡಾ ಆಗದು, ಅಲ್ಯೂಮಿನಿಯಂ ಪಾತ್ರೆಯನ್ನೂ ಅದು ತಿನ್ನುತ್ತದೆ. ಡಿಟರ್ಜೆಂಟ್ ಪುಡಿಗಳು ಗಡಸು ನೀರಿಗೆ ಇಷ್ಟು ಸೋಲುವುದಿಲ್ಲ, ಅವುಗಳಲ್ಲಿ ಸೋಡಾದಂಥದ್ದು ಮೊದಲೇ ಬೆರೆತಿರುತ್ತದೆ. ಸಾಬೂನಿನ ಬಿಲ್ಲೆಯಲ್ಲಿ ಉಜ್ಜುವ ನನ್ನಂಥವರಿಗೆ ಈ ಚಮಚ.

ಜಾಲಿಸುವಾಗ ಮತ್ತೆ ಹಸಿ ನೀರೇ ಹಾಕಿದರೆ ಬಟ್ಟೆಯಲ್ಲುಳಿದ ಸಾಬೂನು ಮತ್ತೆ ಜಿಡ್ಡಾಗುತ್ತದೆ ಎಂದು ನನಗೆ ಹೊಳೆದದ್ದು ಮೂರನೇ ವಾರ. ಈಗ ಮೊದಲ ಸಲ ಜಾಲಿಸುವುದಕ್ಕೂ ಸೋಡಾ ನೀರೇ. ಅಂಗಿ ಪೂರ್ತಿ ಬೆಳ್ಳಗಾಗಿಲ್ಲ. ಕಾಲರಿನ ಒಳಗಡೆ ಆ ಮೊದಲ ವಾರಗಳ ಬೂದಿ ಇನ್ನೂ ಕೂತಿದೆ.