ಬೌಲಿಂಗ್ ಮೂರು ಕಡೆ, ಬೆನ್ನು ಒಂದೇ

ನನ್ನ ಮಗನಿಗೆ ಹನ್ನೆರಡು ವರ್ಷ. ಬಲಗೈ ವೇಗದ ಬೌಲರ್. ಕಲಬುರಗಿಯಲ್ಲಿ ಶಾಲೆಯ ಟೀಮ್‌ಗೂ ಕ್ಲಬ್‌ಗೂ ಆಡುತ್ತಾನೆ. ಹೋದ ವರ್ಷ ಹೈದರಾಬಾದಿನ ಒಂದು ಅಕಾಡೆಮಿ ಟ್ರಯಲ್ಸ್‌ಗೂ ತಯಾರಿ ಶುರು ಮಾಡಿದ್ದ.

ಒಂದು ಸಂಜೆ ಮೈದಾನದಿಂದ ಬಂದವನು ಚರಗಿ ಎತ್ತಿ ನೀರು ಕುಡಿಯಲು ತಲೆ ಹಿಂದಕ್ಕೆ ವಾಲಿಸಿದ. ಅರ್ಧಕ್ಕೇ ನಿಲ್ಲಿಸಿ ಸೊಂಟ ಹಿಡಿದುಕೊಂಡ. ಕೇಳಿದ್ದಕ್ಕೆ, "ಹಿಂದ ಬಾಗಿದ್ರ ನೋಯ್ತದ ಅವ್ವಾ. ಸರ್‌ಗ ಹೇಳಬ್ಯಾಡ, ಟೀಮಿಂದ ತೆಗಿತಾರ" ಅಂದ.

ನೋವು ಇದ್ದದ್ದು ಸೊಂಟದ ಎಡಗಡೆ. ಬಲಗೈ ಬೌಲರ್‌ಗೆ ಎಡಗಡೆ ಸೊಂಟ ನೋಯುತ್ತಿದ್ದರೆ, ಹಿಂದೆ ಬಾಗಿದಾಗ ಅದು ಜಾಸ್ತಿಯಾದರೆ, ಸುಮ್ನೆ ಸ್ನಾಯು ನೋವು ಅಂತ ಬಿಡಬೇಡಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಬೆನ್ನುಮೂಳೆಗೆ ಪೆಟ್ಟಾಗಿದ್ದು ಗೊತ್ತಾಯಿತು. ಬಿದ್ದು ಆದ ಪೆಟ್ಟಲ್ಲ, ಬಾಲ್ ಹಾಕಿ ಹಾಕಿ ಆದದ್ದು. ಮೂರು ತಿಂಗಳು ಬೌಲಿಂಗ್ ಬಂದ್.

ಆ ರಾತ್ರಿ ಒಂದು ವಾರದ ಲೆಕ್ಕ ಬರೆದೆ. ಸೋಮವಾರ, ಬುಧವಾರ, ಶುಕ್ರವಾರ ಶಾಲೆಯಲ್ಲಿ ತಲಾ 30 ಬಾಲ್. ಮಂಗಳವಾರ, ಗುರುವಾರ ಕ್ಲಬ್ ನೆಟ್ಸ್‌ನಲ್ಲಿ ತಲಾ 48. ಶನಿವಾರ ಟ್ರಯಲ್ಸ್ ತಯಾರಿ ಅಂತ 40. ಭಾನುವಾರ ಮ್ಯಾಚ್‌ನಲ್ಲಿ 36. ಒಟ್ಟು 262, ಒಂದು ದಿನವೂ ರಜೆ ಇಲ್ಲ. ಯಾವ ಕೋಚ್ ಕೂಡ ಅತಿ ಮಾಡಿಸಿರಲಿಲ್ಲ. ಮೂರನ್ನೂ ಕೂಡಿಸಿ ನೋಡಬೇಕಿದ್ದದ್ದು ನಾನು, ನೋಡಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಈ ವಯಸ್ಸಿನ ವೇಗದ ಬೌಲರ್‌ಗಳಿಗೆ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ವರ್ಷಗಳಿಂದ ಹೇಳಿಕೊಂಡು ಬಂದ ಲೆಕ್ಕ ಹೀಗಿದೆ: ಒಂದು ಸ್ಪೆಲ್‌ಗೆ 5 ಓವರ್, ದಿನಕ್ಕೆ 10, ವಾರದಲ್ಲಿ ನಾಲ್ಕೇ ದಿನ, ಸತತವಾಗಿ ಎರಡು ದಿನಕ್ಕಿಂತ ಹೆಚ್ಚಿಲ್ಲ. ನನ್ನ ಮಗ ದಿನದ ಮಿತಿ ಒಮ್ಮೆಯೂ ದಾಟಿರಲಿಲ್ಲ. ಅವನನ್ನು ಕೆಡಿಸಿದ್ದು ರಜೆಯೇ ಇಲ್ಲದ ವಾರ.

ಈಗ ಮಂಗಳವಾರ ಕ್ಲಬ್, ಬುಧವಾರ ಮತ್ತು ಶುಕ್ರವಾರ ಶಾಲೆ, ತಲಾ 30 ಬಾಲ್. ಭಾನುವಾರದ 36 ಬಾಲನ್ನು ಎರಡು ಸ್ಪೆಲ್ ಮಾಡಿ ಹಾಕುತ್ತಾನೆ. ಒಟ್ಟು 126. ಗುರುವಾರ ಕ್ಲಬ್‌ಗೆ ಹೋದರೂ ಬ್ಯಾಟಿಂಗ್, ಫೀಲ್ಡಿಂಗ್ ಅಷ್ಟೇ. ಸೋಮವಾರ, ಶನಿವಾರ ಮನೆ. ಮೂರು ತಿಂಗಳ ನಂತರ ಸೀದಾ ಇಲ್ಲಿಗೆ ಬರಲಿಲ್ಲ, ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆವು. ಬಾಲ್ ಎಣಿಸಿ ಬರೆಯುವುದು ಅವನ ಕೆಲಸ. ಆ ನೋಟ್‌ಬುಕ್ ಕಿಟ್ ಬ್ಯಾಗಿನಲ್ಲೇ ಇರುತ್ತದೆ, ಇಬ್ಬರು ಕೋಚ್‌ಗಳೂ ನೋಡುತ್ತಾರೆ.

ಎರಡು ಕಡೆ ಮ್ಯಾಚ್ ಒಟ್ಟಿಗೆ ಬಂದರೆ? ಶಾಲೆಯ ತಾಲೂಕು, ಜಿಲ್ಲಾ ಪಂದ್ಯಗಳು ಕೆಲವೇ ವಾರ ನಡೆಯುತ್ತವೆ. ಆಗ ಕ್ಲಬ್‌ನಲ್ಲಿ ಬೌಲಿಂಗ್ ಬಿಡಿಸುತ್ತೇನೆ. ಉಳಿದ ವರ್ಷವೆಲ್ಲ ಲೆದರ್ ಬಾಲ್, ಒಳ್ಳೆ ನೆಟ್ಸ್ ಸಿಗುವುದು ಕ್ಲಬ್‌ನಲ್ಲೇ, ಹಾಗಾಗಿ ಆಗ ಅದಕ್ಕೇ ಮೊದಲ ಜಾಗ.

ಟ್ರಯಲ್ಸ್ ವರ್ಷಕ್ಕೆ ಒಂದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಒಂದೆರಡು ಓವರ್ ನೋಡುತ್ತಾರೆ, ಅಷ್ಟಕ್ಕೆ ಹಿಂದಿನ ವಾರ ಹೆಚ್ಚು ಬಾಲ್ ಹಾಕಿಸಿದರೆ ಸುಸ್ತಾದ ಹುಡುಗನನ್ನೇ ತೋರಿಸಿದಂತಾಗುತ್ತದೆ ಅಲ್ವಾ? ಹಣ ಕಟ್ಟುವ ಮೊದಲು ಅಕಾಡೆಮಿಯವರಿಗೆ ಒಂದು ಪ್ರಶ್ನೆ ಕೇಳಿ: ನನ್ನ ಮಗ ವಾರಕ್ಕೆ ಎಷ್ಟು ಬಾಲ್ ಹಾಕುತ್ತಾನೆ, ಅದನ್ನು ಯಾರು ಬರೆದಿಡುತ್ತಾರೆ? ಹೋದ ವರ್ಷ ನಾವು ತಯಾರಿ ಮಾಡಿಕೊಂಡಿದ್ದ ಕಡೆ ಇದಕ್ಕೆ ಉತ್ತರ ಸಿಗಲಿಲ್ಲ. ಈ ವರ್ಷ ಅಲ್ಲಿಗೆ ಹೋಗುತ್ತಿಲ್ಲ.