ವರ್ಕ್ ಫ್ರಮ್ ಹೋಮ್ ಅಲೋವನ್ಸ್: ದುಡ್ಡು ಅಷ್ಟೇ, ತೆರಿಗೆ ಮಾತ್ರ ಬೇರೆ ಬೇರೆ

ಮನೆಯಿಂದ ಕೆಲಸ ಮಾಡೋರಿಗೆ ಕಂಪನಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ ಅಂದುಕೊಳ್ಳಿ. ಪೇ ಸ್ಲಿಪ್‌ನಲ್ಲಿ 'ವರ್ಕ್ ಫ್ರಮ್ ಹೋಮ್ ಅಲೋವನ್ಸ್' ಅಂತ ಚೆಂದದ ಸಾಲು. ಕೆಲಸಕ್ಕೆ ಅಂತಲೇ ಕೊಟ್ಟ ದುಡ್ಡು, ಇದಕ್ಕೆ ತೆರಿಗೆ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಆದರೆ ಬೀಳುತ್ತದೆ, ಅದೂ ಪೂರ್ತಿ ಮೊತ್ತದ ಮೇಲೆ. ತೆರಿಗೆ ವಿನಾಯಿತಿ ಇರುವ ಭತ್ಯೆಗಳ ಪಟ್ಟಿ ನಿಯಮದಲ್ಲೇ ಇದೆ. ಅದರಲ್ಲಿ ವರ್ಕ್ ಫ್ರಮ್ ಹೋಮ್ ಅನ್ನೋದೇ ಇಲ್ಲ. ಬಿಲ್ ಕೇಳದೆ ಪ್ರತಿ ತಿಂಗಳು ಕೈಗೆ ಬರುವ ದುಡ್ಡಿಗೆ ಏನೇ ಹೆಸರಿಟ್ಟರೂ ಅದು ಸಂಬಳವೇ.

ನನ್ನ ತಕರಾರು ಸರ್ಕಾರದ ಜೊತೆಗಿಂತ ಕಂಪನಿಗಳ ಜೊತೆ ಜಾಸ್ತಿ. ಅಷ್ಟೇ ದುಡ್ಡನ್ನು ಬೇರೆ ರೀತಿ ಕೊಟ್ಟಿದ್ದರೆ ತೆರಿಗೆ ಎಷ್ಟೋ ಕಡಿಮೆಯಾಗುತ್ತಿತ್ತು. ಪೇರೋಲ್‌ಗೆ ಬಿಲ್ ನೋಡುವ ಕೆಲಸ ಬೇಡ, ಅದಕ್ಕೆ ಎಲ್ಲರಿಗೂ ಒಂದೇ ಮೊತ್ತ ಹಾಕಿ ಕೈತೊಳೆದುಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 36,000. 2025-26ರ ಹೊಸ ಪದ್ಧತಿಯಲ್ಲಿ ನೀವು 20% ಸ್ಲ್ಯಾಬ್‌ನಲ್ಲಿದ್ದರೆ ಸೆಸ್ ಸೇರಿ 20.8%. ಅಂದರೆ 7,488 ರೂಪಾಯಿ ಟಿಡಿಎಸ್‌ನಲ್ಲೇ ಹೋಯಿತು.

ಈಗ ಅದೇ 36,000ವನ್ನು ಒಡೆಯೋಣ. ಇಂಟರ್ನೆಟ್‌ಗೆ 12,000, ಕುರ್ಚಿ-ಮೇಜಿಗೆ 18,000, ಕರೆಂಟ್‌ಗೆ 6,000.

ಇಂಟರ್ನೆಟ್ ಬಿಲ್ ಕೊಟ್ಟು, ಆದ ಖರ್ಚನ್ನಷ್ಟೇ ವಾಪಸ್ ಪಡೆದರೆ ತೆರಿಗೆ ಇಲ್ಲ. ಉದ್ಯೋಗಿಯ ಪರವಾಗಿ ಕಂಪನಿ ಮಾಡುವ ಟೆಲಿಫೋನ್, ಮೊಬೈಲ್ ಖರ್ಚನ್ನು ಆದಾಯಕ್ಕೆ ಸೇರಿಸಬೇಕಿಲ್ಲ ಅನ್ನುತ್ತದೆ 1962ರ ಆದಾಯ ತೆರಿಗೆ ನಿಯಮಗಳ 3ನೇ ನಿಯಮ. ಬ್ರಾಡ್‌ಬ್ಯಾಂಡನ್ನೂ ಕಂಪನಿಗಳು ಅದರ ಜೊತೆಗೇ ಸೇರಿಸುತ್ತವೆ. ಇದು ಹೊಸ ಪದ್ಧತಿಯಲ್ಲೂ ಸಿಗುತ್ತದೆ. ಬಿಲ್ ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ. ಮನೆ ಮಾಲೀಕರ ಹೆಸರಿನ ಕನೆಕ್ಷನ್ ಆದರೆ ಪೇರೋಲ್‌ನವರು ತಿರಸ್ಕರಿಸಬಹುದು.

ಕುರ್ಚಿ-ಮೇಜಿನ ವಿಷಯಕ್ಕೆ ಬಂದರೆ, ಅವು ಯಾರ ಹೆಸರಿನಲ್ಲಿವೆ ಅನ್ನೋದೇ ಮುಖ್ಯ. ನೀವು ಕೊಂಡು, ಕಂಪನಿ ದುಡ್ಡು ಕೊಟ್ಟು, ವಸ್ತು ನಿಮ್ಮದೇ ಆಗಿ ಉಳಿದರೆ ಪೂರ್ತಿ 18,000 ನಿಮ್ಮ ಆದಾಯ. ಕಂಪನಿಯೇ ಕೊಂಡು, ತನ್ನ ಆಸ್ತಿಯಾಗಿ ಇಟ್ಟುಕೊಂಡು, ಬಳಸೋಕೆ ಮಾತ್ರ ನಿಮಗೆ ಕೊಟ್ಟರೆ, ಬಿಗಿಯಾಗಿ ಲೆಕ್ಕ ಹಿಡಿದರೂ ವರ್ಷಕ್ಕೆ ಬೆಲೆಯ 10% ಅಷ್ಟೇ. ಅಂದರೆ 1,800. ಅದರ ಮೇಲಿನ ತೆರಿಗೆ ಸುಮಾರು 374 ರೂಪಾಯಿ. ಲ್ಯಾಪ್‌ಟಾಪ್, ಕಂಪ್ಯೂಟರ್ ಆದರೆ ಅದೂ ಇಲ್ಲ, ಸೊನ್ನೆ.

ಕರೆಂಟ್‌ಗೆ ಮಾತ್ರ ದಾರಿ ಇಲ್ಲ. ಮನೆಯ ವಿದ್ಯುತ್ ಬಿಲ್ಲನ್ನು ಕಂಪನಿ ಕಟ್ಟಿದರೂ, ನಿಮಗೇ ದುಡ್ಡು ಕೊಟ್ಟರೂ ಅದು ತೆರಿಗೆಗೆ ಒಳಪಡುತ್ತದೆ. 6,000ಕ್ಕೆ 1,248. ದಿನವಿಡೀ ಲ್ಯಾಪ್‌ಟಾಪ್, ಫ್ಯಾನ್, ರೂಟರ್ ಓಡಿದ್ದು ಆಫೀಸಿಗಾಗಿಯೇ ಅನ್ನೋದು ಮೀಟರ್‌ಗೆ ಗೊತ್ತಾಗಲ್ಲ, ಅಲ್ವಾ. ಒಪ್ಪುತ್ತೇನೆ. ಆದರೂ ಒಂದು ಸಣ್ಣ ಮಿತಿಯವರೆಗಾದರೂ ಬಿಡಬಹುದಿತ್ತು.

ಒಟ್ಟು ಸುಮಾರು 1,622 ರೂಪಾಯಿ. ಮೊದಲಿನ 7,488 ಎಲ್ಲಿ, ಇದೆಲ್ಲಿ! ಕಂಪನಿಗೆ ಒಂದು ರೂಪಾಯಿಯೂ ಜಾಸ್ತಿ ಖರ್ಚಾಗಿಲ್ಲ.

'ಅಲೋವನ್ಸ್‌ಗೆ ತೆರಿಗೆ ಕಟ್ಟಿದರೇನು, ರಿಟರ್ನ್ ಹಾಕುವಾಗ ಬಿಲ್ ತೋರಿಸಿ ಕಳೆಯುತ್ತೇನೆ' ಅನ್ನೋರಿದ್ದಾರೆ. ಆಗಲ್ಲ. ಸ್ವಂತ ಪ್ರಾಕ್ಟೀಸ್ ಇರುವವರು ಇಂಟರ್ನೆಟ್, ಕರೆಂಟಿನಲ್ಲಿ ಕೆಲಸಕ್ಕೆ ಹೋದ ಪಾಲನ್ನು ಖರ್ಚು ಅಂತ ತೋರಿಸಬಹುದು. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಗತಿ. ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ಮನೆಯಿಂದ ಮಾಡಿದರೂ ಅಷ್ಟೇ, ಆಫೀಸಿಗೆ ಹೋದರೂ ಅಷ್ಟೇ.

ಕೆಲಸ ಬಿಡುವಾಗ ಇನ್ನೊಂದು ಪೇಚಿದೆ. 'ಲ್ಯಾಪ್‌ಟಾಪ್ ನೀವೇ ಇಟ್ಟುಕೊಳ್ಳಿ' ಅಂತ ಹೇಳಿದರೆ ಖುಷಿಯಾಗುತ್ತದೆ. ಆದರೆ ಆ ದಿನದ ಬೆಲೆ ಲೆಕ್ಕ ಹಾಕಿ ಆದಾಯಕ್ಕೆ ಸೇರಿಸುತ್ತಾರೆ. ಕಂಪ್ಯೂಟರ್, ಎಲೆಕ್ಟ್ರಾನಿಕ್ ವಸ್ತುವಾದರೆ ಪೂರ್ತಿಯಾದ ಪ್ರತಿ ವರ್ಷಕ್ಕೂ ಉಳಿದ ಬೆಲೆಯ ಅರ್ಧ ಕಳೆಯುತ್ತಾರೆ. 60,000ದ ಲ್ಯಾಪ್‌ಟಾಪ್ ಎರಡು ವರ್ಷಕ್ಕೆ 15,000 ಆಗುತ್ತದೆ. ಕುರ್ಚಿ-ಮೇಜಿಗೆ ಕಳೆಯೋದು ವರ್ಷಕ್ಕೆ ಮೂಲ ಬೆಲೆಯ 10% ಮಾತ್ರ. ಮೂರು ವರ್ಷ ಕೂತು ಸವೆದ 18,000ದ ಸೆಟ್‌ಗೆ ಕಾಗದದ ಮೇಲೆ ಇನ್ನೂ 12,600 ಬೆಲೆ! ಹಾಗಾಗಿ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ, ಕುರ್ಚಿ ವಾಪಸ್ ಕೊಡಿ ಅನ್ನೋದು ನನ್ನ ಸಲಹೆ.

ನಿಮ್ಮದು ಯಾವ ಥರ ಅಂತ ತಿಳಿಯೋಕೆ ಪೇ ಸ್ಲಿಪ್ ಸಾಕು. ಬಿಲ್ ಹಾಕದಿದ್ದರೂ ತಿಂಗಳು ತಿಂಗಳು ಬರುತ್ತಿದ್ದರೆ ಅದು ಅಲೋವನ್ಸ್. ರೀಇಂಬರ್ಸ್‌ಮೆಂಟ್ ಆಗಿದ್ದರೂ, ವರ್ಷದ ಕೊನೆಯ ಗಡುವಿನೊಳಗೆ ಬಿಲ್ ಹಾಕದಿದ್ದರೆ ಸಾಮಾನ್ಯವಾಗಿ ಅದನ್ನು ಸಂಬಳಕ್ಕೆ ಸೇರಿಸಿ ಮಾರ್ಚ್‌ನಲ್ಲಿ ತೆರಿಗೆ ಹಿಡಿಯುತ್ತಾರೆ. ಫಾರ್ಮ್ 16ರ ಜೊತೆ ಬರುವ 12ಬಿಎಯನ್ನೂ ಒಮ್ಮೆ ನೋಡಿ, ಕಂಪನಿ ಕೊಟ್ಟ ಸವಲತ್ತುಗಳಿಗೆ ಎಷ್ಟು ಬೆಲೆ ಕಟ್ಟಿದ್ದಾರೆ ಅಂತ ಅದರಲ್ಲಿರುತ್ತದೆ. ಇಲ್ಲಿನ ಲೆಕ್ಕ, ನಿಯಮ, ಫಾರ್ಮ್ ಎಲ್ಲ 2025-26ರದ್ದು. 2026ರ ಏಪ್ರಿಲ್ 1ರಿಂದ ಅನ್ವಯವಾಗೋದು ಹೊಸ ಆದಾಯ ತೆರಿಗೆ ಕಾಯ್ದೆ, ಹಾಗಾಗಿ ಆಮೇಲಿನ ವರ್ಷಗಳಿಗೆ ಈ ಲೆಕ್ಕವನ್ನು ಆಗಿನ ನಿಯಮದ ಜೊತೆ ಹೊಂದಿಸಿ ನೋಡಿಕೊಳ್ಳಿ.