ಮಾತು ಕಮ್ಮಿ ಇರುವವರಿಗೆ ನಾಲ್ಕು ಕುರ್ಚಿ ಸಾಕು

ಮಾತು ಕಮ್ಮಿ ಇರುವವರಿಗೆ ನಮ್ಮಲ್ಲಿ ಸಿಗುವ ಸಲಹೆ ಒಂದೇ: "ನಾಲ್ಕು ಜನ ಸೇರೋ ಕಡೆ ಹೋಗಿ, ಪರಿಚಯ ಬೆಳೆಸ್ಕೊಳ್ಳಿ." ಆದರೆ ಕಳಿಸುವುದು ನಾನೂರು ಜನ ಸೇರುವ ಕಡೆಗೆ. ಶಿವಮೊಗ್ಗದ ಯಾವುದೋ ಸಭಾಂಗಣದ ಉದ್ಯಮಿಗಳ ಸಮಾವೇಶಕ್ಕೋ, ದೊಡ್ಡ ಮದುವೆಗೋ. ಅಲ್ಲಿ ಒಬ್ಬೊಬ್ಬರ ಜೊತೆ ಎರಡು ನಿಮಿಷ ಮಾತಾಡಿ, ನಂಬರ್ ತಗೊಂಡು ಬಂದರೆ ವಾರ ಕಳೆಯುವಷ್ಟರಲ್ಲಿ ಯಾರಿಗೂ ಯಾರ ನೆನಪೂ ಇರುವುದಿಲ್ಲ. ಈ ದಾರಿ ಬಿಟ್ಟುಬಿಡಿ ಅಂತಲೇ ನನ್ನ ಅಭಿಪ್ರಾಯ. ಒಬ್ಬರ ಎದುರು ಒಬ್ಬರು ಕೂತು ಆಡುವ ಮಾತು, ಆಮೇಲೆ ನಾಲ್ಕು ಜನರ ಒಂದು ಕೂಟ, ಇವೆರಡರಿಂದಲೇ ಕೆಲಸಕ್ಕೆ ಬರುವ ಪರಿಚಯಗಳನ್ನು ಕಟ್ಟಬಹುದು.

ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಹೆಣ್ಣುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಇಷ್ಟು ದಿನ ನೆಂಟರಿಷ್ಟರಿಗೆ ಮಾರಿದ್ದಾಳೆ, ಈಗ ಶಿವಮೊಗ್ಗದ ಅಂಗಡಿಗಳಿಗೆ ಕೊಡುವ ಆಸೆ. "ನನಗೆ ಕಾಂಟ್ಯಾಕ್ಟ್ ಇಲ್ಲ" ಅನ್ನುವುದು ಅವಳ ಕೊರಗು. ಅದನ್ನು ಒಡೆದು ನೋಡಿದರೆ ಬೇಕಾಗಿರುವುದು ಮೂರೇ ಉತ್ತರ. ಉಪ್ಪುನೀರಿಗೆ ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತಿದೆ, ಬೇರೆ ಬಾಟಲಿ ಕಮ್ಮಿ ಸಂಖ್ಯೆಯಲ್ಲಿ ಎಲ್ಲಿ ಸಿಗುತ್ತದೆ? ಅಂಗಡಿಯವರು ದುಡ್ಡು ಯಾವಾಗ ಕೊಡುತ್ತಾರೆ? ಮಾರಾಟವಾಗದ ಮಾಲು ಯಾರ ತಲೆಗೆ? ಹೀಗೆ ಒಡೆದುಕೊಂಡ ಮೇಲೆ ಯಾರನ್ನು ಕೇಳಬೇಕು ಅನ್ನುವುದು ತಾನಾಗಿ ಕಾಣುತ್ತದೆ.

ಮೊದಲು ಕೇಳಬೇಕಾದ್ದು ಹತ್ತಿರದವರನ್ನಲ್ಲ. ಮನೆಯವರಿಗೆ, ಆಪ್ತ ಗೆಳತಿಯರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆರರಲ್ಲಿ ಐದು ಪಾಲು ಜನಕ್ಕೆ ಸುದ್ದಿ ತಂದವರು ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುವವರಾಗಿದ್ದರು. ಹಾಗಾಗಿ ನಮ್ಮ ಹೆಣ್ಣುಮಗಳು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದ್ದು ಹಳೆಯ ಸಹಪಾಠಿ, ಮೇಳದಲ್ಲಿ ಪಕ್ಕದ ಮಳಿಗೆಯಲ್ಲಿದ್ದ ಜೇನು ಮಾರುವವರು, ಅತ್ತಿಗೆಯ ತವರಿನ ಕಡೆ ಬೇಕರಿ ಇಟ್ಟವರು, ಇಂಥವರ ಹೆಸರು. ಹತ್ತು ಹನ್ನೆರಡು ಹೆಸರು ಸಾಕು. ಹಳೆಯ ಪರಿಚಯವೊಂದನ್ನು ಮತ್ತೆ ಮಾತಾಡಿಸುವುದು ಹೊಸಬರನ್ನು ಮಾತಾಡಿಸುವುದಕ್ಕಿಂತ ಸಲೀಸು ಕೂಡ.

ಮೆಸೇಜು ಹೇಗೆ ಬರೆಯುತ್ತೇವೆ ಅನ್ನುವಲ್ಲಿ ಅರ್ಧ ಕೆಲಸ ಕೆಡುತ್ತದೆ. "ನಮಸ್ತೆ, ಸ್ವಲ್ಪ ಮಾತಾಡೋದಿತ್ತು" ಅಂತಷ್ಟೇ ಕಳಿಸಿದರೆ ಆ ಕಡೆಯವರಿಗೆ ಮೊದಲು ಹೊಳೆಯುವುದು ಸಾಲ, ಇಲ್ಲವೇ ಇನ್ಶೂರೆನ್ಸ್ ಪಾಲಿಸಿ. ಓದಿ ಸುಮ್ಮನಾಗುತ್ತಾರೆ. ಯಾರು, ಎಲ್ಲಿ ಪರಿಚಯ, ಏನು ಪ್ರಶ್ನೆ, ಎಷ್ಟು ಹೊತ್ತು, ಆಗದಿದ್ದರೆ ಬೇಸರವಿಲ್ಲ ಅನ್ನುವ ಮಾತು, ಇಷ್ಟೂ ಒಂದೇ ಮೆಸೇಜಿನಲ್ಲಿರಲಿ:

"ನಮಸ್ಕಾರ ಅಣ್ಣ. ಸಾಗರದ ಮೇಳದಲ್ಲಿ ನಿಮ್ಮ ಪಕ್ಕದಲ್ಲಿ ಉಪ್ಪಿನಕಾಯಿ ಇಟ್ಟಿದ್ದವಳು ನಾನು. ನೀವು ಜೇನಿಗೆ ಬಳಸುವ ಬಾಟಲಿ ಎಲ್ಲಿ ತರಿಸ್ತೀರಿ, ಕಮ್ಮಿ ಅಂದ್ರೆ ಎಷ್ಟು ತಗೋಬೇಕು ಅಂತ ಕೇಳೋದಿತ್ತು. ಗುರುವಾರ ಪೇಟೆಗೆ ಬರ್ತಿದೀನಿ. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಅಂಗಡಿಗೆ ಬಂದ್ರೆ ಅರ್ಧ ಗಂಟೆ ಸಿಗುತ್ತಾ? ಆಗದಿದ್ರೆ ಫೋನಲ್ಲೇ ಹೇಳಿದ್ರೂ ಸಾಕು."

ಜಾಗ ಅಂಗಡಿಯೇ ಇರಲಿ, ಮನೆ ಬೇಡ. ನಮ್ಮ ಕಡೆ ಮನೆಗೆ ಹೋದರೆ ಕಾಫಿ, ತಿಂಡಿ, ಊಟ ಮಾಡ್ಕೊಂಡೇ ಹೋಗಿ ಅನ್ನುವ ಒತ್ತಾಯ. ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ, ಕೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಮಾತು ಕಮ್ಮಿಯವರಿಗೆ ಶುರು ಮಾಡುವುದಕ್ಕಿಂತ ಮುಗಿಸಿ ಏಳುವುದೇ ಕಷ್ಟ. ಅದಕ್ಕೆ ಊರಿನ ಬಸ್ಸಿನ ಹೊತ್ತು ನೋಡಿಕೊಂಡು ಭೇಟಿ ಇಟ್ಟುಕೊಳ್ಳಿ. ಬಂದ ಕೂಡಲೇ "ನಾಲ್ಕು ಗಂಟೆ ಬಸ್ಸಿದೆ" ಅಂತ ಹೇಳಿಬಿಟ್ಟರೆ ಯಾರಿಗೂ ಮುಜುಗರವಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಮನೆಯವರ ಸಮಯ ಕೇಳಲೇಬೇಡಿ.

ಪ್ರಶ್ನೆ ನಾಲ್ಕೈದು ಬರೆದುಕೊಂಡು ಹೋಗಿ. "ವ್ಯಾಪಾರ ಹೇಗಿದೆ?" ಅಂದರೆ "ಪರವಾಗಿಲ್ಲ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. "ಮೊದಲ ಸಲ ಅಂಗಡಿಗೆ ಕೊಟ್ಟಾಗ ಎಷ್ಟು ಬಾಟಲಿ ಇಟ್ರಿ? ಎಷ್ಟು ವಾಪಸ್ ಬಂತು?" ಅಂದರೆ ಅವರು ನೆನಪು ಮಾಡಿಕೊಳ್ಳುತ್ತಾರೆ, ಕತೆ ಬಿಚ್ಚುತ್ತದೆ. ಆಮೇಲೆ ನಿಮ್ಮ ಪಟ್ಟಿಯ ಎರಡನೇ ಪ್ರಶ್ನೆಗೆ ಹಾರಬೇಡಿ. ಅವರು ಹೇಳಿದ ಉತ್ತರದೊಳಗಿಂದಲೇ ಮುಂದಿನ ಪ್ರಶ್ನೆ ತೆಗೆಯಿರಿ: "ಯಾಕೆ ವಾಪಸ್ ಬಂತು, ದರ ಜಾಸ್ತಿ ಆಯ್ತಾ?" ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ದೂ ಇದನ್ನೇ. ಹೇಳಿದ್ದನ್ನು ಹಿಡಿದು ಮುಂದಕ್ಕೆ ಕೇಳುವವರನ್ನು ಜನ ಹೆಚ್ಚು ಇಷ್ಟಪಡುತ್ತಾರೆ. ಕಿವಿಗೊಟ್ಟು ಕೇಳುವ ಅಭ್ಯಾಸ ಇರುವವರಿಗೆ ಇದು ಕೈವಶವಾಗಿರುವ ವಿದ್ಯೆ. ಏಳುವ ಮುಂಚೆ ಒಂದು ಮಾತು ತಪ್ಪಿಸಬೇಡಿ: "ಇದರ ಬಗ್ಗೆ ಇನ್ಯಾರನ್ನ ಕೇಳಬಹುದು? ನಿಮ್ಮ ಹೆಸರು ಹೇಳಬಹುದಾ?" ಮುಂದಿನ ಬಾಗಿಲು ತೆರೆಯುವುದು ಇಲ್ಲಿ.

ಬಸ್ಸಿನಲ್ಲಿ ಕೂತ ತಕ್ಷಣ ಅವರು ಹೇಳಿದ್ದೇನು, ಅವರಿಗೇ ಬೇಕಾಗಿರುವುದೇನು, ಯಾರ ಹೆಸರು ಕೊಟ್ಟರು ಅನ್ನುವುದನ್ನು ಬರೆದಿಡಿ. ಎರಡು ವಾರದೊಳಗೆ ಅವರ ಸಲಹೆ ಏನಾಯಿತು ಅಂತ ತಿಳಿಸಿ. "ನೀವು ಹೇಳಿದ ಕಡೆ ಬಾಟಲಿ ನೋಡಿದೆ, ಅರ್ಧ ಕೆಜಿ ಅಳತೆಯದು ಸರಿಹೋಯ್ತು" ಅಂತ ಎರಡು ಸಾಲು ಸಾಕು. ಬಹಳ ಪರಿಚಯಗಳು ಸಾಯುವುದು ಈ ಎರಡು ಸಾಲು ಹೋಗದೆ. ಸೊಕ್ಕಿನಿಂದಲ್ಲ, "ಮತ್ತೆ ಯಾಕೆ ತೊಂದರೆ ಕೊಡೋದು" ಅನ್ನುವ ಸಂಕೋಚದಿಂದ. 2018ರ ಒಂದು ಅಧ್ಯಯನದ ಪ್ರಕಾರ, ಹೊಸಬರೊಬ್ಬರ ಜೊತೆ ಮಾತಾಡಿದ ಮೇಲೆ ಅವರಿಗೆ ನಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ನಾವು ವಾಸ್ತವಕ್ಕಿಂತ ಕಮ್ಮಿ ಅಂದಾಜು ಮಾಡುತ್ತೇವೆ. ಆ ಸಂಕೋಚದ ಲೆಕ್ಕವೇ ತಪ್ಪು.

ಹೀಗೆ ಮೂರು ಜನ ಆದ ಮೇಲೆ ಕೂಟ. ನಿಮ್ಮನ್ನೂ ಸೇರಿಸಿ ನಾಲ್ಕೇ ಜನ. ಐದನೆಯವರು ಬಂದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ, ಮೆಲುದನಿಯವರು ಎರಡರಲ್ಲೂ ಇಲ್ಲದ ಹಾಗಾಗುತ್ತಾರೆ. ಹರಟೆಯ ಗುಂಪುಗಳನ್ನು ಗಮನಿಸಿದ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರೂ 1995ರಲ್ಲಿ ಸುಮಾರು ನಾಲ್ಕು ಅನ್ನುವ ಮಿತಿಯನ್ನೇ ಕಂಡಿದ್ದರು. ಕರೆಯುವ ಮೂವರೂ ನಿಮಗೆ ಪರಿಚಯವಿರಲಿ, ಅವರವರಲ್ಲಿ ಪರಿಚಯ ಇಲ್ಲದಿರಲಿ. ಜೇನಿನವರು, ಬೇಕರಿಯವರು, ಲೇಬಲ್ ಪ್ರಿಂಟ್ ಮಾಡುವವರು. ಒಂದೇ ಅಂಗಡಿಗೆ ಒಂದೇ ಮಾಲು ಕೊಡುವ ಇಬ್ಬರನ್ನು ಕೂರಿಸಿದರೆ ದರದ ಮಾತು ಬಂದಾಗ ಇಬ್ಬರೂ ಬಾಯಿ ಬಿಡುವುದಿಲ್ಲ.

ಹೊತ್ತು ಒಂದೂವರೆ ಗಂಟೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ, ಕೊನೆಗೆ ಹತ್ತು. ತಾವು ಸಿಕ್ಕಿಹಾಕಿಕೊಂಡಿರುವ ಒಂದು ತೊಡಕನ್ನು ಮುಂದಿಡಬೇಕು, ಉಳಿದವರು ಅದರ ಬಗ್ಗೆಯೇ ಮಾತಾಡಬೇಕು. ಇದನ್ನು ಕರೆಯುವಾಗಲೇ ಹೇಳಿ, ಗಡಿಯಾರ ನೀವು ಹಿಡಿಯಿರಿ. ಕರೆದವರಿಗೆ ಮಾಡಲು ಒಂದು ಕೆಲಸ ಇರುವುದರಿಂದ ಸುಮ್ಮನೆ ಮಾತು ಹುಡುಕುವ ಕಷ್ಟ ತಪ್ಪುತ್ತದೆ. ಮಾತುಗಾರರೊಬ್ಬರು ಎಳೆಯುತ್ತಿದ್ದರೆ "ಅಣ್ಣ, ಈಗ ಇವರದ್ದು ಕೇಳೋಣ" ಅನ್ನುವ ಹಕ್ಕೂ ಗಡಿಯಾರದ ಜೊತೆಗೇ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಬಾಟಲಿಗಳು ಪೆಟ್ಟಿಗೆ ಲೆಕ್ಕದಲ್ಲೇ ಬರುತ್ತವೆ, ಒಬ್ಬಳಿಗೆ ಅದು ಜಾಸ್ತಿ. ಜೇನಿನವರಿಗೂ ಅದೇ ಅಳತೆ ಬೇಕಿದ್ದರೆ ಇಬ್ಬರೂ ಸೇರಿ ತರಿಸಬಹುದು. ಇಬ್ಬರ ತೊಡಕೂ ಒಂದೇ ಮೇಜಿನ ಮೇಲೆ ಬಂದಾಗ ಮಾತ್ರ ಇದು ಹೊಳೆಯುತ್ತದೆ.

ಅವತ್ತೇ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಗುಡ್ ಮಾರ್ನಿಂಗ್ ಹೂವುಗಳು ಬರಲು ಶುರುವಾದರೆ ಕೆಲಸದ ಮಾತು ಮುಳುಗಿಹೋಗುತ್ತದೆ. ಆರು ವಾರಕ್ಕೊಮ್ಮೆ ಸೇರಿದರೆ ಸಾಕು. ನಡುವೆ ತಿಂಗಳಿಗೆ ಇಬ್ಬರು ಹೊಸಬರ ಜೊತೆ ಒಬ್ಬೊಬ್ಬರಾಗಿ ಮಾತು, ಅದಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಸುಸ್ತಾಗಿ ಮೂರನೇ ತಿಂಗಳಿಗೆ ಎಲ್ಲ ನಿಂತುಹೋಗುತ್ತದೆ. ಈ ದಾರಿಗೂ ಮಿತಿ ಇದೆ. ಅದೇ ನಾಲ್ಕು ಜನ ವರ್ಷವಿಡೀ ಕೂತರೆ ಎಲ್ಲರಿಗೂ ಎಲ್ಲರ ಉತ್ತರ ಮೊದಲೇ ಗೊತ್ತಾಗಿಬಿಡುತ್ತದೆ. ಎರಡು ಭೇಟಿಯಲ್ಲಿ ಹೊಸ ಹೆಸರಾಗಲಿ ಹೊಸ ವಿಷಯವಾಗಲಿ ಬರಲಿಲ್ಲ ಅಂದರೆ ಮುಂದಿನ ಸಲ ಒಬ್ಬರ ಜಾಗಕ್ಕೆ ಬೇರೆಯವರನ್ನು ಕರೆಯುವ ಕಾಲ ಬಂದಿದೆ ಅಂತ. ಲೈಸೆನ್ಸಿನ ವಿಚಾರವನ್ನಂತೂ ಕೂಟದಲ್ಲಿ ತೀರ್ಮಾನಿಸಬೇಡಿ, ಸಂಬಂಧಪಟ್ಟ ಕಚೇರಿಯಲ್ಲೇ ಕೇಳಿ.

ಮೆಸೇಜಿಗೆ ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಒಂದು ನೆನಪಿನ ಸಾಲು ಕಳಿಸಿ. ಆಗಲೂ ಬಾರದಿದ್ದರೆ ಆ ಹೆಸರಿನ ಎದುರು ತಾರೀಕು ಬರೆದು, ಹಾಳೆಯ ಮುಂದಿನ ಹೆಸರಿಗೆ ಹೋಗಿ.